ಅದೊಂದು ಸೇರಿಸಿಬಿಡಿ

ಇಂಗ್ಲಿಷಿನವರು ಇದಕ್ಕೆ ಸ್ಕೋಪ್ ಕ್ರೀಪ್ ಅಂತ ಹೆಸರಿಟ್ಟಿದ್ದಾರೆ. ದುಡ್ಡು ಮಾತಾಡಿದಷ್ಟೇ ಇರುತ್ತೆ, ಕೆಲಸ ಮಾತ್ರ ವಾರ ವಾರ ಬೆಳೀತಾ ಹೋಗುತ್ತೆ. ಶಿವಮೊಗ್ಗದಲ್ಲಿ ಈ ಪದ ನಾನು ಯಾರ ಬಾಯಲ್ಲೂ ಕೇಳಿಲ್ಲ. ಇಲ್ಲಿ ಅದು ಬರೋದು "ಅದೊಂದು" ಅನ್ನೋ ರೂಪದಲ್ಲಿ. ಅದೊಂದು ಸೇರಿಸಿಬಿಡಿ, ಅದೊಂದು ನೋಡಿಬಿಡಿ, ಹೆಂಗೂ ಕಂಪ್ಯೂಟರ್ ಮುಂದೇನೇ ಕೂತಿರ್ತೀರಲ್ಲ, ಅದೊಂದು ಮಾಡಿಬಿಡಿ.

ರವೀಂದ್ರನಗರದಲ್ಲಿ ಮನೆಯ ಮಹಡಿ ಮೇಲಿನ ರೂಮಿನಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡೋದು ನನ್ನ ಕೆಲಸ. ಬೆಂಗಳೂರಿನ ಕಂಪನಿಗಳಲ್ಲಿ ಗಿರಾಕಿ ಹೆಚ್ಚಿಗೆ ಕೆಲಸ ಕೇಳಿದರೆ ಅದನ್ನು ನಿಭಾಯಿಸೋಕೆ ಮಧ್ಯೆ ಒಬ್ಬ ಮ್ಯಾನೇಜರ್ ಇರ್ತಾರೆ. ಇಲ್ಲಿ ಕೋಡ್ ಬರೆಯೋನೂ ನಾನೇ, ದುಡ್ಡು ಕೇಳೋನೂ ನಾನೇ. ಸಾಲದ್ದಕ್ಕೆ ಗಿರಾಕಿ ಸಂಜೆ ಗಣಪತಿ ದೇವಸ್ಥಾನದ ಹತ್ತಿರ ಅಪ್ಪನಿಗೆ ಸಿಕ್ಕು "ನಿಮ್ಮ ಮಗ ಹೆಂಗೆ, ಎಲ್ಲದಕ್ಕೂ ದುಡ್ಡು ಕೇಳ್ತಾನಂತೆ" ಅಂದುಬಿಟ್ಟರೆ ರಾತ್ರಿ ಊಟಕ್ಕೆ ಕೂತಾಗ ಅದರ ವಿಚಾರಣೆ ಆಗುತ್ತೆ. ಹಾಗಾಗಿ "ಖಡಕ್ಕಾಗಿ ಇಲ್ಲ ಅನ್ನಿ" ಅಂತ ವಿಡಿಯೋಗಳಲ್ಲಿ ಹೇಳೋ ಸಲಹೆ ನನ್ನ ಕೆಲಸಕ್ಕೆ ಬಂದಿಲ್ಲ. ಬಂದದ್ದು ಬೇರೆ, ಅದನ್ನು ಒಂದೇ ಒಂದು ಕೆಲಸದ ಲೆಕ್ಕ ಇಟ್ಟುಕೊಂಡು ಹೇಳ್ತೀನಿ.

ಸಾಗರ ರಸ್ತೆಯ ಎಪಿಎಂಸಿ ಯಾರ್ಡಿನ ಒಂದು ಅಡಿಕೆ ಮಂಡಿ. ಮಂಡಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ರೈತ ಅಡಿಕೆ ಮೂಟೆ ತಂದು ಇಲ್ಲಿ ಇಳಿಸ್ತಾನೆ, ಟೆಂಡರಿನಲ್ಲಿ ದರ ಬೀಳುತ್ತೆ, ಮಂಡಿಯವರು ತೂಕ ಹಾಕಿಸಿ, ಲೆಕ್ಕ ಮಾಡಿ, ಪಟ್ಟಿ ಕೊಟ್ಟು ದುಡ್ಡು ಕೊಡ್ತಾರೆ. ಎಷ್ಟೋ ಮನೆಗಳಿಗೆ ಬೆಳೆ ಬರೋ ಮುಂಚೆ ಮುಂಗಡ ಕೊಡೋದೂ ಇವರೇ. ನಮ್ಮ ದೊಡ್ಡಪ್ಪನ ಅಡಿಕೆ ಬೀಳೋದು ಇದೇ ಮಂಡಿಗೆ, ಆ ವರ್ಷದ ಮುಂಗಡವೂ ಇಲ್ಲೇ ಆಗಿತ್ತು. ಕೆಲಸ ನನಗೆ ಸಿಕ್ಕಿದ್ದೂ ಆ ಪರಿಚಯದಿಂದಲೇ. ಇದನ್ನು ಯಾಕೆ ಹೇಳ್ತಿದ್ದೀನಿ ಅಂದರೆ, ಸಾಹುಕಾರ್ರು ಏನಾದರೂ ಕೇಳಿದಾಗ ಅದಕ್ಕೆ ನಾನು ಕೊಡೋ ಉತ್ತರ ನನ್ನ ಒಬ್ಬನ ಮೇಲೆ ಮಾತ್ರ ಬೀಳ್ತಿರಲಿಲ್ಲ.

ಕೊಟೇಶನ್ 48,000 ರೂಪಾಯಿಯದು. ಆರು ಪುಟಗಳ ಕನ್ನಡ ವೆಬ್‌ಸೈಟ್: ಮುಖಪುಟ, ಮಂಡಿಯ ಬಗ್ಗೆ, ಸೇವೆಗಳು, ಫೋಟೋ ಗ್ಯಾಲರಿ, ರೈತರಿಗೆ ಮಾಹಿತಿ, ಸಂಪರ್ಕ. ವಿನ್ಯಾಸಕ್ಕೆ ಎರಡು ಸುತ್ತು ತಿದ್ದುಪಡಿ. ಬರಹ, ಫೋಟೋ ಅವರದ್ದು. ನನ್ನ ಅಂದಾಜಿನಲ್ಲಿ 60 ಗಂಟೆ ಕೆಲಸ, ಗಂಟೆಗೆ 800 ರೂಪಾಯಿ. ಈ 60 ಮತ್ತು 800 ಎರಡನ್ನೂ ಕೊಟೇಶನ್ನಿನಲ್ಲಿ ಕಾಣೋ ಹಾಗೆ ಬರೆದಿರ್ತೀನಿ. ತುಂಬಾ ಜನ ಒಟ್ಟು ಮೊತ್ತ ಮಾತ್ರ ಬರೀತಾರೆ, ಗಂಟೆ ದರ ತೋರಿಸಿದರೆ ಗಿರಾಕಿ ಚೌಕಾಸಿಗೆ ಇಳೀತಾನೆ ಅನ್ನೋ ಭಯ. ಇಳೀತಾರೆ, ನಿಜ. ಆದರೆ ಆ ಚೌಕಾಸಿ ಕೆಲಸ ಶುರು ಆಗೋ ಮುಂಚೆ ಒಂದೇ ಸಲ ಮುಗಿದುಹೋಗುತ್ತೆ. ಮುಂದೆ ಏನೇ ಹೊಸದು ಬಂದರೂ ದರ ಯಾವುದು ಅಂತ ಮತ್ತೆ ಮಾತಾಡಬೇಕಿಲ್ಲ, ಗಂಟೆ ಎಷ್ಟು ಅಂತ ಹೇಳಿದರೆ ಸಾಕು.

ಅದರ ಕೆಳಗೆ "ಇದರಲ್ಲಿ ಸೇರಿಲ್ಲದ್ದು" ಅಂತ ಇನ್ನೊಂದು ಭಾಗ. ಬೇರೆ ಭಾಷೆಯ ಪುಟಗಳು, ಆನ್‌ಲೈನ್ ಪೇಮೆಂಟ್, ಲಾಗಿನ್, ದಿನಾ ಬದಲಾಗೋ ಮಾಹಿತಿ, ಬರಹ ಬರೆದುಕೊಡೋದು, ವೆಬ್‌ಸೈಟ್ ಶುರುವಾಗಿ 30 ದಿನ ಆದಮೇಲಿನ ಬದಲಾವಣೆ. ಸೇರಿದ್ದರ ಪಟ್ಟಿಗಿಂತ ಸೇರಿಲ್ಲದ್ದರ ಪಟ್ಟಿಯೇ ಹೆಚ್ಚು ಕೆಲಸಕ್ಕೆ ಬರುತ್ತೆ. ಕಾರಣ ಸರಳ. "ವೆಬ್‌ಸೈಟ್ ಮಾಡಿಕೊಡೋದು" ಅಂತ ಬರೆದರೆ ನನ್ನ ಮನಸ್ಸಿನಲ್ಲಿ ಆರು ಪುಟ ಇರುತ್ತೆ, ಸಾಹುಕಾರ್ರ ಮನಸ್ಸಿನಲ್ಲಿ ಅವರು ಫೋನಿನಲ್ಲಿ ದಿನಾ ನೋಡೋ ಬ್ಯಾಂಕಿನ ಆ್ಯಪ್ ಇರುತ್ತೆ. ಅವರು ಮೋಸ ಮಾಡೋಕೆ ನೋಡ್ತಿಲ್ಲ, ಅವರಿಗೆ ಎರಡಕ್ಕೂ ವ್ಯತ್ಯಾಸ ಕಾಣಿಸಲ್ಲ ಅಷ್ಟೆ. ಕೊನೆಗೆ ಒಂದು ಸಾಲು: ಬದಲಾವಣೆ ಹೇಳೋರು ಒಬ್ಬರೇ, ಅವರು ಸಾಹುಕಾರ್ರು. ದುಡ್ಡು ಮೂರು ಕಂತು: ಶುರುವಿಗೆ 19,200, ವಿನ್ಯಾಸ ಒಪ್ಪಿದಾಗ 19,200, ವೆಬ್‌ಸೈಟ್ ಜನರಿಗೆ ತೆರೆಯೋ ಮುಂಚೆ 9,600.

ಫೆಬ್ರವರಿಯಲ್ಲಿ ಶುರುವಾಯಿತು. ಐದು ವಾರದಲ್ಲಿ ಹನ್ನೊಂದು "ಅದೊಂದು" ಬಂತು. ಹೆಚ್ಚಿನವು ವಾಟ್ಸಾಪ್ ವಾಯ್ಸ್ ಮೆಸೇಜು, ಹಿಂದುಗಡೆ ಹಮಾಲರ ಕೂಗು, ಲಾರಿ ರಿವರ್ಸ್ ತಗೊಳ್ಳೋ ಸದ್ದು. ಹನ್ನೊಂದೂ ಒಂದೇ ಜಾತಿಯವಲ್ಲ, ಇದನ್ನು ಮೊದಲು ಬೇರೆ ಮಾಡಬೇಕು. ಮೂರು ನನ್ನ ಕಡೆಯ ಕೆಲಸ. ಐಫೋನಿನಲ್ಲಿ ನಂಬರ್ ಒತ್ತಿದರೆ ಕಾಲ್ ಹೋಗ್ತಿಲ್ಲ ಅಂದರೆ ಅದು ಹೊಸ ಕೆಲಸ ಅಲ್ಲ, ಕಾಲ್ ಹೋಗಬೇಕಾದ್ದೇ. ಇಂಥದ್ದಕ್ಕೆ ಲೆಕ್ಕ ಬರೆಯೋಕೆ ಹೋದರೆ ಗಿರಾಕಿಗೆ ನಂಬಿಕೆ ಹೋಗುತ್ತೆ, ಹೋಗಬೇಕಾದ್ದೂ ನ್ಯಾಯ. ಎರಡು, ತಿದ್ದುಪಡಿ ಸುತ್ತಿನೊಳಗೆ ಬರೋವು, ಬಣ್ಣ ಮತ್ತು ಅಕ್ಷರದ ಗಾತ್ರ. ಎರಡು ಚಿಲ್ಲರೆ, ಅದಕ್ಕೆ ಆಮೇಲೆ ಬರ್ತೀನಿ. ಉಳಿದ ನಾಲ್ಕು ಅಪ್ಪಟ ಹೊಸ ಕೆಲಸ. ಇವುಗಳಲ್ಲಿ ಮೂರರ ಕಥೆ ಹೇಳೋ ಹಾಗಿದೆ. ನಾಲ್ಕನೆಯದು ಸಾಹುಕಾರ್ರೇ ಎರಡು ದಿನಕ್ಕೆ ಮರೆತರು. ಬೆಲೆ ಹೇಳಿದ ಮೇಲೆ ಎಷ್ಟೋ ಬೇಡಿಕೆಗಳು ಹೀಗೆ ತಾವಾಗೇ ಮರೆತುಹೋಗ್ತವೆ.

ಮೊದಲನೆಯದು ದರ. "ನೋಡಪ್ಪಾ, ಮುಖಪುಟದಲ್ಲಿ ದಿನದ ಅಡಿಕೆ ರೇಟು ಬರೋ ಹಂಗೆ ಅದೊಂದು ಹಾಕಿಬಿಡು. ನಾಲ್ಕೇ ಸಾಲು." ನಾಲ್ಕೇ ಸಾಲು ಅನ್ನೋದು ಸುಳ್ಳಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು, ನಮ್ಮ ಮಾರ್ಕೆಟ್ಟಿನಲ್ಲಿ ಅಡಿಕೆಯ ತರಗಳು ಇವೇ ನಾಲ್ಕು. ನೋಡೋಕೆ ಬೆರಳಷ್ಟು ಜಾಗ. ಆದರೆ ಆ ನಾಲ್ಕು ಸಾಲು ದಿನಾ ಬದಲಾಗಬೇಕು. ಯಾರು ಬದಲಾಯಿಸೋದು?

ಇಂಥ ಬೇಡಿಕೆ ಎಲ್ಲಕ್ಕಿಂತ ಅಪಾಯದ್ದು ಅನ್ನೋದು ನನ್ನ ಅನುಭವ. ಕೇಳೋದು ಒಂದು ಸಲ, ಮಾಡೋದು ಪ್ರತಿ ದಿನ. ಗ್ಯಾಲರಿಗೆ ಹತ್ತು ಫೋಟೋ ಜಾಸ್ತಿ ಹಾಕು ಅಂದರೆ ಅದು ಹಾಕಿದ ದಿನ ಮುಗೀತು. ದರ ಹಾಗಲ್ಲ. ಒಂದು ದಾರಿ, ಮಂಡಿಯ ಗುಮಾಸ್ತರಿಗೆ ಒಂದು ಸಣ್ಣ ಫಾರ್ಮ್ ಮಾಡಿಕೊಡೋದು. ಟೆಂಡರ್ ಆದಮೇಲೆ ಅವರು ಫೋನಿನಲ್ಲೇ ಅಂಕಿ ತುಂಬಿ ಒತ್ತಿದರೆ ಮುಖಪುಟಕ್ಕೆ ಬರುತ್ತೆ. 8 ಗಂಟೆ ಕೆಲಸ, 6,400 ರೂಪಾಯಿ. ಇನ್ನೊಂದು ದಾರಿ, ತಾನಾಗೇ ಬರೋ ಹಾಗೆ ಮಾಡೋದು. ರಾಜ್ಯದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲಿ ಮಾರ್ಕೆಟ್ ಪ್ರಕಾರ ಕನಿಷ್ಠ, ಗರಿಷ್ಠ, ಮಾದರಿ ದರ ಬರುತ್ತೆ. ಅಲ್ಲಿಂದ ಓದಿಕೊಳ್ಳೋ ಪ್ರೋಗ್ರಾಂ ಬರೆಯಬಹುದು. 16 ಗಂಟೆ, 12,800. ಆದರೆ ಅದು ಒಂದು ಸಲದ ಕೆಲಸ ಅಲ್ಲ. ಆ ಪುಟದ ರೂಪ ಅವರು ಬದಲಾಯಿಸಿದ ದಿನ ನನ್ನ ಪ್ರೋಗ್ರಾಂ ನಿಂತುಹೋಗುತ್ತೆ. ಇಲ್ಲಿಂದ ಅಂಕಿ ತಡವಾಗಿ ಹೋದರೆ ಮುಖಪುಟದಲ್ಲಿ ನಿನ್ನೆಯ ದರ ಇವತ್ತಿನದ್ದರ ಹಾಗೆ ಕೂತಿರುತ್ತೆ. ಅಡಿಕೆ ವ್ಯಾಪಾರದಲ್ಲಿ ನಿನ್ನೆಯ ದರ ನಂಬಿಕೊಂಡು ಒಬ್ಬ ತೀರ್ಥಹಳ್ಳಿಯಿಂದ ಮೂಟೆ ಹೇರಿಕೊಂಡು ಬಂದರೆ ಮಂಡಿಯ ಬಾಗಿಲಲ್ಲಿ ಜಗಳ. ಹಾಗಾಗಿ ಇದಕ್ಕೆ ತಿಂಗಳಿಗೆ 1,000 ರೂಪಾಯಿ ನೋಡಿಕೊಳ್ಳೋ ಖರ್ಚು ಬೇರೆ.

ಈ ವಿವರ ಎಲ್ಲ ಫೋನಿನಲ್ಲಿ ಹೇಳಲ್ಲ ನಾನು. ಫೋನಿನಲ್ಲಿ "ಆಯ್ತು ಸಾಹುಕಾರ್ರೇ, ನೋಡಿ ಬರೆದು ಕಳಿಸ್ತೀನಿ" ಅಷ್ಟೆ. "ಆಯ್ತು" ಅಂತ ಮಾತ್ರ ಅಂದು ಇಟ್ಟರೆ ಅವರ ಲೆಕ್ಕದಲ್ಲಿ ಒಪ್ಪಿಗೆ ಆಗಿಹೋಯಿತು, ಹಾಗಾಗಿ "ಬರೆದು ಕಳಿಸ್ತೀನಿ" ಅನ್ನೋದು ಬಿಡೋ ಹಾಗಿಲ್ಲ. ಅವತ್ತು ಸಂಜೆ ಕಳಿಸಿದ ಮೆಸೇಜು ಹೆಚ್ಚುಕಡಿಮೆ ಹೀಗಿತ್ತು:

"ಸಾಹುಕಾರ್ರೇ, ನಮಸ್ಕಾರ. ಮುಖಪುಟದಲ್ಲಿ ದಿನದ ದರ ಹಾಕಬೇಕು ಅಂದಿದ್ರಿ. ಇದು ನಮ್ಮ 48,000ದ ಮಾತಿನಲ್ಲಿ ಸೇರಿಲ್ಲ. ಎರಡು ರೀತಿ ಮಾಡಬಹುದು. ನಿಮ್ಮ ಗುಮಾಸ್ತರು ದಿನಾ ತುಂಬೋ ಹಾಗಾದರೆ 6,400, ಮೂರು ದಿನ ಜಾಸ್ತಿ ಬೇಕು. ತಾನಾಗೇ ಬರೋ ಹಾಗಾದರೆ 12,800, ಆರು ದಿನ, ಆಮೇಲೆ ತಿಂಗಳಿಗೆ 1,000. ಯಾವುದು ಅಂತ ಹೇಳಿದರೆ ಶುರು ಮಾಡ್ತೀನಿ. ಅಲ್ಲೀವರೆಗೂ ಮೊದಲಿನ ಕೆಲಸ ನಡೀತಿರುತ್ತೆ."

ಇದರಲ್ಲಿ "ಆಗಲ್ಲ" ಅನ್ನೋ ಪದ ಎಲ್ಲೂ ಇಲ್ಲ. ನಾಲ್ಕೇ ವಿಷಯ: ಏನು ಕೇಳಿದಿರಿ, ಅದು ಒಳಗಿದೆಯೋ ಹೊರಗಿದೆಯೋ, ಎಷ್ಟು ದುಡ್ಡು, ಎಷ್ಟು ದಿನ. ದಿನ ಬರೆಯೋದನ್ನು ಹೆಚ್ಚಿನವರು ಬಿಡ್ತಾರೆ. ನನಗೆ ಆ ಹೊತ್ತಿಗೆ ದುಡ್ಡಿಗಿಂತ ದಿನವೇ ಮುಖ್ಯ ಆಗಿತ್ತು. ಭದ್ರಾವತಿಯ ಒಂದು ಶಾಲೆಗೆ ಏಪ್ರಿಲ್ ಮೊದಲ ವಾರಕ್ಕೆ ಅಡ್ಮಿಶನ್ ಪುಟ ಮಾಡಿಕೊಡ್ತೀನಿ ಅಂತ ಮಾತು ಕೊಟ್ಟಾಗಿತ್ತು. ಮಂಡಿಯ ಕೆಲಸ ಪುಗಸಟ್ಟೆ ಬೆಳೆದರೆ ಅದರ ದಂಡ ಕಟ್ಟೋದು ಆ ಶಾಲೆಯವರು, ಅವರಿಗೆ ಮಂಡಿಯ ವಿಷಯ ಏನೂ ಗೊತ್ತೂ ಇರಲ್ಲ.

ಎರಡು ದಿನ ಉತ್ತರ ಇಲ್ಲ. ನೀಲಿ ಟಿಕ್ ಮಾತ್ರ. ಈ ಎರಡು ದಿನ ಕಷ್ಟದ್ದು. ದೊಡ್ಡಪ್ಪ ಫೋನ್ ಮಾಡಿ, ಬೇರೆ ಏನೇನೋ ಮಾತಾಡಿ, ಕೊನೆಗೆ "ಮಂಡಿ ಕೆಲಸ ಎಲ್ಲಿಗೆ ಬಂತೋ" ಅಂದರು. ಅಷ್ಟೇ ಅಂದದ್ದು. ನಾನೂ "ನಡೀತಾ ಇದೆ ದೊಡ್ಡಪ್ಪಾ" ಅಂದೆ.

ಮೂರನೇ ದಿನ ಸಾಹುಕಾರ್ರೇ ಫೋನ್ ಮಾಡಿದರು. "ಗುಮಾಸ್ತ ತುಂಬ್ತಾನೆ ಬಿಡು. ಆದ್ರೆ ಆರು ಸಾವಿರದ ನಾನೂರು ಯಾಕಪ್ಪಾ, ಐದು ಮಾಡ್ಕೊ." ಚೌಕಾಸಿ ಅವರ ಉಸಿರು, ಅದರಲ್ಲಿ ಬೇಜಾರು ಮಾಡಿಕೊಳ್ಳೋದೇನಿಲ್ಲ. ಆದರೆ ಇಲ್ಲಿ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೀನಿ. ದರ ಇಳಿಸಲ್ಲ, ಕೆಲಸ ಇಳಿಸ್ತೀನಿ. 800 ಇದ್ದದ್ದು ಒಂದು ಸಲ 625 ಆದರೆ ಮುಂದಿನ ಎಲ್ಲ "ಅದೊಂದು"ಗಳೂ 625ರಿಂದಲೇ ಶುರುವಾಗ್ತವೆ. ಜೊತೆಗೆ ಮೊದಲು ಒಪ್ಪಿದ 48,000ವೂ ಜಾಸ್ತಿ ಆಯಿತೇನೋ ಅಂತ ಅವರಿಗೆ ಅನ್ನಿಸೋಕೆ ಶುರುವಾಗುತ್ತೆ. ಹಾಗಾಗಿ ಕೇಳಿದೆ, "ಸಾಹುಕಾರ್ರೇ, ಗ್ಯಾಲರಿ ಪುಟ ಇನ್ನೂ ಮುಟ್ಟಿಲ್ಲ ನಾನು. ಫೋಟೋನೂ ಬಂದಿಲ್ಲ. ಅದು 6 ಗಂಟೆಯ ಕೆಲಸ, 4,800. ಅದನ್ನ ತೆಗೆದು ದರದ ಫಾರ್ಮ್ ಹಾಕಿದರೆ ನೀವು ಜಾಸ್ತಿ ಕೊಡೋದು 1,600 ಮಾತ್ರ."

ಒಂದು ಕ್ಷಣ ಸುಮ್ಮನಿದ್ದು, "ಗ್ಯಾಲರಿ ಯಾರು ನೋಡ್ತಾರೆ, ತೆಗಿ" ಅಂದರು. ಒಟ್ಟು 49,600 ಆಯಿತು. ನನಗೂ ಎರಡೇ ಗಂಟೆ ಜಾಸ್ತಿ, ಭದ್ರಾವತಿಯ ದಿನಾಂಕ ಅಲುಗಾಡಲಿಲ್ಲ. ಈ ಅದಲು ಬದಲು ಆಗೋದು ತೆಗೆಯೋ ಕೆಲಸ ಇನ್ನೂ ಶುರುವಾಗಿಲ್ಲದಿದ್ದರೆ ಮಾತ್ರ. ಅದಕ್ಕೇ ಗಿರಾಕಿಗೆ ಅಷ್ಟೇನೂ ಮುಖ್ಯ ಅಲ್ಲ ಅನ್ನಿಸೋ ಭಾಗವನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡಿರ್ತೀನಿ. ಅವರು ಫೋಟೋ ಕಳಿಸೋಕೆ ಮೂರು ವಾರ ತಗೊಂಡರೆ ಅದೇ ಅದರ ಗುರುತು.

ಇದೆಲ್ಲ ಕಂಪ್ಯೂಟರಿನವರು ಕಂಡುಹಿಡಿದದ್ದಲ್ಲ. ಮನೆ ಕಟ್ಟಿಸಿದವರಿಗೆ ಗೊತ್ತು. ಮೇಸ್ತ್ರಿ ಮಾತಾಡೋದು ಚದರದ ಲೆಕ್ಕದಲ್ಲಿ, ಚದರ ಅಂದರೆ ನೂರು ಚದರಡಿ. ಆ ದರದಲ್ಲಿ ಗೋಡೆ, ತಾರಸಿ, ಗಾರೆ ಬರುತ್ತೆ. ಸಂಪು, ಕಾಂಪೌಂಡ್, ಗೇಟು ಬೇರೆ. ಕಟ್ಟೋವಾಗ ಮನೆಯವರು ಬಂದು "ಇಲ್ಲೊಂದು ಗೂಡು ಇಡಿ, ಅಡುಗೆಮನೆಗೆ ಇನ್ನೊಂದು ಲಾಫ್ಟ್ ಹಾಕಿ" ಅಂದರೆ ಪಳಗಿದ ಮೇಸ್ತ್ರಿ ಜೇಬಿನಿಂದ ಒಂದು ಪಾಕೆಟ್ ನೋಟ್‌ಬುಕ್ ತೆಗೀತಾನೆ. "ಎಕ್ಸ್ಟ್ರಾ ಆಗುತ್ತೆ ಅಣ್ಣ" ಅಂತ ಅಳತೆ, ದುಡ್ಡು ಬರೆದು, ಮನೆಯವರಿಗೆ ತೋರಿಸಿ, ಆಮೇಲೆ ಸಿಮೆಂಟ್ ಕಲಸೋಕೆ ಹೇಳ್ತಾನೆ. ನಮ್ಮ ಬೀದಿಯಲ್ಲಿ ಹಳೇ ಮನೆ ಕೆಡವಿ ಎರಡು ಮಹಡಿ ಏರಿಸೋದು ಯಾವಾಗಲೂ ಒಂದಲ್ಲ ಒಂದು ಕಡೆ ನಡೀತಿರೋದರಿಂದ ಇದನ್ನು ಬೇಕಾದಷ್ಟು ನೋಡಿದ್ದೀನಿ. ಗಾರೆ ಮಾಡಿ ಮುಗಿದ ಲಾಫ್ಟಿಗೆ ದುಡ್ಡು ಕೇಳಿದರೆ ಮನೆಯವರು "ಅದೂ ಚದರದಲ್ಲೇ ಬರುತ್ತೆ ಅಂದ್ಕೊಂಡಿದ್ವಿ" ಅಂತಾರೆ. ಒಣಗಿದ ಸಿಮೆಂಟನ್ನು ವಾಪಸ್ ತಗೊಂಡು ಹೋಗೋಕೆ ಆಗುತ್ತಾ? ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರನ್ನು ಕೇಳಿದರೆ ಎಂ ಬುಕ್ ಅಂತಾರೆ, ಮೆಷರ್‌ಮೆಂಟ್ ಬುಕ್. ಅದರಲ್ಲಿ ಅಳತೆ ಹತ್ತದ ಕೆಲಸಕ್ಕೆ ಬಿಲ್ ಆಗಲ್ಲ.

ಹಾಗಂತ ಬಾಯಿಮಾತಿನಲ್ಲಿ ಮಾಡಿದ ಹೆಚ್ಚುವರಿ ಕೆಲಸಕ್ಕೆ ಕಾನೂನಿನಲ್ಲಿ ಏನೂ ಇಲ್ಲ ಅಂತಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಂ ಇದನ್ನೇ ಹೇಳುತ್ತೆ. ಪುಕ್ಕಟೆ ಮಾಡೋ ಉದ್ದೇಶ ಇಲ್ಲದೆ, ಕಾನೂನುಬದ್ಧವಾಗಿ, ಒಬ್ಬರು ಇನ್ನೊಬ್ಬರಿಗೆ ಏನಾದರೂ ಮಾಡಿಕೊಟ್ಟು, ಆ ಇನ್ನೊಬ್ಬರು ಅದರ ಲಾಭ ಅನುಭವಿಸಿದರೆ, ಅವರು ಅದಕ್ಕೆ ಪರಿಹಾರ ಕೊಡಬೇಕು. ಇದರ ದೊಡ್ಡ ಕೇಸು ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ.ಕೆ. ಮಂಡಲ್ ಅಂಡ್ ಸನ್ಸ್ ಅನ್ನೋ ಗುತ್ತಿಗೆದಾರರ ನಡುವಿನದು. 1944ರಲ್ಲಿ ಬಂಗಾಳದ ನಾಗರಿಕ ಪೂರೈಕೆ ಇಲಾಖೆಯ ಅಧಿಕಾರಿಗಳು ಕೇಳಿದರು ಅಂತ ಇವರು ಕಚ್ಚಾ ರಸ್ತೆ, ಕಾವಲುಗಾರರ ಕೋಣೆ, ಆಫೀಸು, ಅಡುಗೆಮನೆ ಎಲ್ಲ ಕಟ್ಟಿಕೊಟ್ಟರು. ನಿಯಮದ ಪ್ರಕಾರದ ಕರಾರು ಇರಲಿಲ್ಲ. ಸರ್ಕಾರ ಕಟ್ಟಡ ಬಳಸಿಕೊಂಡಿತು, ದುಡ್ಡು ಕೇಳಿದಾಗ ಕರಾರು ಎಲ್ಲಿದೆ ಅಂದಿತು. ಸುಪ್ರೀಂ ಕೋರ್ಟ್ ಗುತ್ತಿಗೆದಾರರ ಪರ ತೀರ್ಪು ಕೊಟ್ಟಿತು, 70ನೇ ಕಲಮಿನ ಆಧಾರದ ಮೇಲೆಯೇ. ತೀರ್ಪು ಬಂದದ್ದು 1961ರ ಡಿಸೆಂಬರಿನಲ್ಲಿ, ಅಡುಗೆಮನೆ ಕಟ್ಟಿ ಹದಿನೇಳು ವರ್ಷ ಆದಮೇಲೆ. 6,400 ರೂಪಾಯಿಗೆ ಯಾರು ಅಷ್ಟು ಕಾಯ್ತಾರೆ? ಈ ಕಲಂ ಗೊತ್ತಿದ್ದರೆ ಉಪಯೋಗ ಇರೋದು ಒಂದೇ ಕಡೆ: "ಪುಕ್ಕಟೆ ಮಾಡೋ ಉದ್ದೇಶ ಇಲ್ಲದೆ" ಅನ್ನೋ ಮಾತಿಗೆ ಆ ಸಂಜೆಯ ವಾಟ್ಸಾಪ್ ಮೆಸೇಜೇ ಪುರಾವೆ. ಸುಮ್ಮನೆ ಮಾಡಿಕೊಟ್ಟು ಆಮೇಲೆ ಕೇಳಿದರೆ ಆ ಪುರಾವೆಯೂ ಇರಲ್ಲ.

ಎರಡನೇ ದೊಡ್ಡ ಬೇಡಿಕೆ ಬಂದದ್ದು ಸಾಹುಕಾರ್ರಿಂದ ಅಲ್ಲ, ಅವರ ಅಕ್ಕನ ಮಗನಿಂದ. ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿರೋನು, ವಾಟ್ಸಾಪ್ ಗ್ರೂಪಿಗೆ ಮಧ್ಯದಲ್ಲಿ ಸೇರಿಕೊಂಡ. ಬಂದ ವಾರದಲ್ಲೇ, "ಬ್ರೋ, ರೈತರಿಗೆ ಲಾಗಿನ್ ಕೊಟ್ಟರೆ ಅವರವರ ಪಟ್ಟಿ ಅವರೇ ನೋಡಬಹುದಲ್ವಾ, ಸಿಂಪಲ್ ಫೀಚರ್" ಅಂತ ಹಾಕಿದ. ಒಳ್ಳೇ ಯೋಚನೆಯೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಸಿಂಪಲ್ ಅಲ್ಲ. ಮಂಡಿಯ ಲೆಕ್ಕದ ಸಾಫ್ಟ್‌ವೇರ್ ಬೇರೆಯವರದ್ದು, ಅದರಿಂದ ಪಟ್ಟಿಯ ಮಾಹಿತಿ ಹೊರಗೆ ತೆಗೀಬೇಕು. ಪ್ರತಿ ರೈತನ ಫೋನ್ ನಂಬರಿಗೆ ಓಟಿಪಿ ಹೋಗಬೇಕು. ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಒಂದೇ ನಂಬರ್ ಕೊಟ್ಟಿದ್ದರೆ ಯಾರ ಪಟ್ಟಿ ಯಾರಿಗೆ ಕಾಣಬೇಕು? ಜನರ ದುಡ್ಡಿನ ಲೆಕ್ಕ ಇಂಟರ್ನೆಟ್ಟಿಗೆ ಇಟ್ಟಮೇಲೆ ಅದು ಸೋರಿದರೆ ಜವಾಬ್ದಾರಿ ಯಾರದ್ದು? ನನ್ನ ಅಂದಾಜು 75 ಗಂಟೆ, 60,000 ರೂಪಾಯಿ. ಇಡೀ ವೆಬ್‌ಸೈಟಿಗಿಂತ ಜಾಸ್ತಿ.

ಗ್ರೂಪಿನಲ್ಲಿ ಅವನ ಜೊತೆ ವಾದಕ್ಕೆ ಇಳಿಯಲಿಲ್ಲ. ಮಾವನ ಎದುರು ಅಕ್ಕನ ಮಗನಿಗೆ "ನಿನಗೆ ಗೊತ್ತಿಲ್ಲ" ಅಂದರೆ ಮಾವ ಯಾರ ಪಕ್ಷ ಹಿಡೀತಾರೆ ಅಂತ ಹೇಳಬೇಕಾಗಿಲ್ಲ. "ಒಳ್ಳೇ ಐಡಿಯಾ. ಇದು ಬೇರೆಯದೇ ಪ್ರಾಜೆಕ್ಟ್, ಅಂದಾಜು 60,000, ಎರಡು ತಿಂಗಳು. ಸಾಹುಕಾರ್ರು ಹೂಂ ಅಂದರೆ ಬೇರೆ ಕೊಟೇಶನ್ ಕೊಡ್ತೀನಿ. ಈಗಿನ ವೆಬ್‌ಸೈಟ್ ಇದಕ್ಕೆ ಕಾಯಬೇಕಿಲ್ಲ" ಅಂತ ಬರೆದೆ. ಹೇಳೋರು ಒಬ್ಬರೇ ಅನ್ನೋ ಸಾಲು ಕೆಲಸಕ್ಕೆ ಬಂದದ್ದು ಇಲ್ಲಿ. ಸಾಹುಕಾರ್ರು ಗ್ರೂಪಿನಲ್ಲಿ ಒಂದು ಕೈಮುಗಿಯೋ ಇಮೋಜಿ ಹಾಕಿದರು, ವಿಷಯ ಅಲ್ಲಿಗೆ ನಿಂತಿತು.

ಮೂರನೆಯದು ಹಿಂದಿ. ಅಡಿಕೆ ಕೊಳ್ಳೋ ವ್ಯಾಪಾರ ಉತ್ತರ ಭಾರತದ ಕಡೆಗೆ ಹೋಗೋದರಿಂದ ಹಿಂದಿ ಪುಟ ಇರಲಿ ಅನ್ನೋದು. ಅನುವಾದ ಅವರು ಕೊಟ್ಟರೆ 10 ಗಂಟೆ, 8,000. ಈ ಮಾತು ಹೇಳಿದ್ದಕ್ಕೆ "ಸೀಸನ್ ಮುಗೀಲಿ" ಅಂದರು.

ಸುಮ್ಮನೆ ಒಂದು ಲೆಕ್ಕ ಹಾಕಿದ್ದೆ ಆಗ. ತಾನಾಗೇ ಬರೋ ದರ, ಹಿಂದಿ, ಲಾಗಿನ್, ಈ ಮೂರಕ್ಕೂ ತಲೆ ಆಡಿಸಿದ್ದರೆ 60 ಗಂಟೆ ಹೋಗಿ 161 ಗಂಟೆ ಆಗ್ತಿತ್ತು. 48,000ವನ್ನು 161ರಿಂದ ಭಾಗಿಸಿದರೆ ಗಂಟೆಗೆ 298 ರೂಪಾಯಿ. ಮೂರು ವಾಯ್ಸ್ ಮೆಸೇಜು, ಒಟ್ಟು ಎರಡು ನಿಮಿಷವೂ ಇಲ್ಲ.

ಈಗ ಆ ಚಿಲ್ಲರೆ ಎರಡು. ಒಂದು, ಯುಗಾದಿಗೆ ಶುಭಾಶಯದ ಬ್ಯಾನರ್, ಒಂದು ಗಂಟೆ. ಇನ್ನೊಂದು, ಮಂಡಿಗೆ ಹೋಗಿದ್ದಾಗ "ಹೆಂಗೂ ಬಂದಿದೀಯ, ಆ ಪ್ರಿಂಟರ್ ಯಾಕೋ ಪ್ರಿಂಟ್ ತೆಗೀತಿಲ್ಲ ನೋಡು" ಅಂದದ್ದು, ಒಂದೂವರೆ ಗಂಟೆ. ವೆಬ್‌ಸೈಟ್ ಮಾಡೋನು ಪ್ರಿಂಟರ್ ರಿಪೇರಿಯವನಲ್ಲ ಅಂತ ವಿವರಿಸೋಕೆ ಹೋಗಬಾರದು, ಶಿವಮೊಗ್ಗದಲ್ಲಿ ಆ ವಾದ ಗೆದ್ದವರಿಲ್ಲ. ಎರಡನ್ನೂ ಮಾಡಿಕೊಟ್ಟೆ. ಇಂಥವನ್ನು ಮಾಡಿಕೊಡಬೇಕು ಅನ್ನೋದೇ ನನ್ನ ಅಭಿಪ್ರಾಯ. ಒಂದು ಗಂಟೆಯ ಕೆಲಸಕ್ಕೆ ಕೊಟೇಶನ್ ಕಳಿಸೋನ ಜೊತೆ ಯಾರು ವ್ಯವಹಾರ ಮಾಡ್ತಾರೆ. ಆದರೆ ಬಿಲ್ಲಿನಲ್ಲಿ ಬರೆಯದೆ ಬಿಡಲ್ಲ.

ಇದಕ್ಕೆ ದಾರಿ ತೋರಿಸಿದ್ದು ಆ ಮಂಡಿಯೇ. ದೊಡ್ಡಪ್ಪನ ಹಳೇ ಪಟ್ಟಿ ಒಂದು ನಮ್ಮ ಮನೆಯಲ್ಲಿ ಬಿದ್ದಿತ್ತು. ಅದರಲ್ಲಿ ಎಲ್ಲ ಬೇರೆ ಬೇರೆ ಸಾಲು. ಎಷ್ಟು ಮೂಟೆ, ಎಷ್ಟು ತೂಕ, ಯಾವ ತರ, ಏನು ದರ, ಹಮಾಲಿಗೆ ಒಂದು ಸಾಲು, ಮುಂಗಡ ಕಳೆದದ್ದಕ್ಕೆ ಒಂದು ಸಾಲು, ಕೊನೆಗೆ ಕೈಗೆ ಬರೋದು. ಒಟ್ಟು ಇಷ್ಟು ಅಂತ ಒಂದೇ ಅಂಕಿ ಬರೆದುಕೊಟ್ಟರೆ ಯಾವ ರೈತನೂ ಒಪ್ಪಲ್ಲ. ನನ್ನ ಕೊನೆಯ ಬಿಲ್ಲನ್ನೂ ಅದೇ ಅಚ್ಚಿನಲ್ಲಿ ಮಾಡಿದೆ. ಒಪ್ಪಿದ್ದು 48,000. ಗ್ಯಾಲರಿ ಬಿಟ್ಟದ್ದಕ್ಕೆ ಕಳೆದದ್ದು 4,800. ದರದ ಫಾರ್ಮ್ ಸೇರಿದ್ದು 6,400. ಯುಗಾದಿ ಬ್ಯಾನರ್ 800. ಪ್ರಿಂಟರ್ 1,200. ಈ ಎರಡಕ್ಕೆ ಬಿಟ್ಟದ್ದು 2,000. ಒಟ್ಟು 49,600, ಬಂದದ್ದು 38,400, ಬರಬೇಕಾದ್ದು 11,200.

ಬ್ಯಾನರಿನ ಸಾಲು ಇಲ್ಲದೆ ಹೋಗಿದ್ದರೂ ಮೊತ್ತ ಅಷ್ಟೇ. ಆದರೆ ಸಾಲೇ ಇಲ್ಲದಿದ್ದರೆ ಮುಂದಿನ ವರ್ಷದ ಬ್ಯಾನರ್ ಹಕ್ಕಾಗಿರುತ್ತೆ. 800 ಬರೆದು 800 ಬಿಟ್ಟರೆ ಅದು ನಾನು ಬಿಟ್ಟದ್ದು ಅಂತ ಅವರಿಗೆ ಕಾಣುತ್ತೆ. ಬಿಡೋದಕ್ಕೂ ಒಂದು ಮಿತಿ ಇಟ್ಟುಕೊಂಡಿದ್ದೀನಿ, ಒಟ್ಟು ಗಂಟೆಯ ಇಪ್ಪತ್ತರಲ್ಲಿ ಒಂದು ಪಾಲು. 60 ಗಂಟೆಗೆ ಮೂರು ಗಂಟೆ. ಮೂರು ದಾಟಿದ ಮೇಲೆ ಪ್ರಿಂಟರ್ರೂ ಲೆಕ್ಕಕ್ಕೆ ಬರುತ್ತೆ.

ಈ ರೀತಿ ಎಲ್ಲ ಕಡೆಯೂ ನಡೆಯುತ್ತಾ ಅಂದರೆ, ಇಲ್ಲ. ಏನು ಬೇಕು ಅಂತ ಗಿರಾಕಿಗೇ ಗೊತ್ತಿಲ್ಲದ ಕೆಲಸಗಳಿರುತ್ತವೆ. ಹೊಸದಾಗಿ ಆ್ಯಪ್ ಮಾಡಿ ನೋಡೋಣ ಅನ್ನೋರು, ಮಾಡ್ತಾ ಮಾಡ್ತಾ ಯೋಚನೆ ಬದಲಾಯಿಸೋರು. ಅಲ್ಲಿ ಬದಲಾವಣೆಯೇ ಕೆಲಸ, ಒಟ್ಟು ಮೊತ್ತ ಮಾತಾಡೋದೇ ತಪ್ಪು ಲೆಕ್ಕ. ಅಂಥವರ ಜೊತೆ ತಿಂಗಳಿಗೆ ಇಷ್ಟು ಗಂಟೆ ಅಂತ ಮಾತಾಡ್ತೀನಿ, ಆ ಗಂಟೆಗಳಲ್ಲಿ ಏನು ಬೇಕಾದರೂ ಮಾಡಿಸಿಕೊಳ್ಳಲಿ. ಇದು ಅಂಥ ಗಿರಾಕಿ ಅಂತ ಮೊದಲೇ ಗೊತ್ತಾಗೋಕೆ ಒಂದು ಗುರುತಿದೆ. "ಇದರಲ್ಲಿ ಸೇರಿಲ್ಲದ್ದು" ಅನ್ನೋ ಭಾಗ ಓದಿ, ಅದರಲ್ಲಿ ಎರಡು ಮೂರಕ್ಕೆ ಬೆರಳಿಟ್ಟು "ಇದೂ ಬೇಕಲ್ಲ" ಅಂತ ಅಲ್ಲೇ ಜಗಳ ತೆಗೆದರೆ ಒಳ್ಳೇ ಗಿರಾಕಿ. ಓದದೆ "ಅದೆಲ್ಲ ಇರ್ಲಿ, ಮಾಡ್ತಾ ನೋಡೋಣ" ಅಂದರೆ ಗಂಟೆ ಲೆಕ್ಕಕ್ಕೆ ಹೋಗೋದು ಒಳ್ಳೇದು.

ಬಿಲ್ ತಗೊಂಡು ಮಂಡಿಗೆ ನಾನೇ ಹೋಗಿದ್ದೆ. ಸಾಹುಕಾರ್ರು ಕನ್ನಡಕ ಹಾಕಿಕೊಂಡು, ಪಟ್ಟಿ ಓದೋ ಹಾಗೇ ಸಾಲು ಸಾಲಾಗಿ ಬೆರಳಿಟ್ಟು ಓದಿದರು. ಪ್ರಿಂಟರಿನ ಸಾಲಿಗೆ ಬಂದು "ಇದನ್ನೂ ಬರ್ದಿದೀಯಲ್ಲೋ" ಅಂತ ನಕ್ಕರು. ಕೆಳಗಿನ ಸಾಲು ಓದಿ "ಬಿಟ್ಟೂ ಇದೀಯ" ಅಂದರು. ಗುಮಾಸ್ತನನ್ನು ಕರೆದು 11,200 ಕಳಿಸು ಅಂದರು, ದುಡ್ಡು ಬಂದಮೇಲೆ ಸಂಜೆ ವೆಬ್‌ಸೈಟ್ ತೆರೆದೆ. ಭದ್ರಾವತಿಯ ಅಡ್ಮಿಶನ್ ಪುಟ ಹೇಳಿದ ವಾರದಲ್ಲೇ ಹೋಯಿತು.

ಹಿಂದಿ ಪುಟಗಳ ಕೆಲಸ ಬಂದದ್ದು ಮಳೆಗಾಲ ಹಿಡಿದ ಮೇಲೆ. ವಾಯ್ಸ್ ಮೆಸೇಜು ಹದಿನೈದು ಸೆಕೆಂಡಿನದು: "ಆ ಎಂಟು ಸಾವಿರದ್ದು ಇತ್ತಲ್ಲ, ಅದನ್ನ ಶುರು ಮಾಡು. ಎಷ್ಟು ದಿನ ಅಂತ ಬರ್ದು ಕಳ್ಸು."